ಕುರಿತೋದದೆಯುಂ: ಪದ್ಯದಲ್ಲಿ ಇರುವುದು ಎಷ್ಟು, ನಾವು ಸೇರಿಸಿದ್ದು ಎಷ್ಟು?

ಪ್ರಶ್ನೆ: ಹಳೆಯ ಪದ್ಯಗಳಿಗೆ ನಾನು ಬರೆಯುವ ಅರ್ಥವನ್ನು ನೋಡಿ ಉಪನ್ಯಾಸಕರು "ಇದು ನಿನ್ನ ವಿಚಾರ, ಪದ್ಯದ್ದಲ್ಲ" ಎನ್ನುತ್ತಾರೆ. ನನ್ನ ಅರ್ಥಕ್ಕೆ ಪದ್ಯದಲ್ಲಿ ಆಧಾರವಿದೆಯೇ ಎಂದು ನಾನೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಎಂ.ಎ. ಓದುವಾಗ ನನಗೂ ಇದೇ ಮಾತು ಕೇಳಬೇಕಾಗಿ ಬಂದಿತ್ತು. ಅಂದು ನಾನು ಎಡವಿದ್ದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಈ ಸಾಲಿನಲ್ಲಿ: "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್". ಅಂದಿನ ಕನ್ನಡಿಗರು ಅಕ್ಷರ ಬಾರದಿದ್ದರೂ ಕವಿಗಳಾಗಿದ್ದರು, ಕಾವ್ಯಕ್ಕೆ ಓದಿನ ಹಂಗಿಲ್ಲವೆಂದು ಗ್ರಂಥಕಾರನೇ ಹೇಳುತ್ತಾನೆ ಎಂದು ಎರಡು ಪುಟ ಬರೆದಿದ್ದೆ. ಜನಪದ ಕಾವ್ಯದ ಮೇಲೆ ನನಗಿದ್ದ ಪ್ರೀತಿ ಅದನ್ನು ಬರೆಸಿತ್ತು. ಆ ಪ್ರೀತಿ ತಪ್ಪಲ್ಲ, ಆದರೆ ಅದಕ್ಕೆ ಈ ಸಾಲು ಸಾಕ್ಷಿಯಾಗುತ್ತದೆಯೇ ಎಂಬುದು ಬೇರೆ ವಿಷಯ.

ಮೊದಲು ಪದವನ್ನು ಬಿಡಿಸಿ. ಕುರಿತು, ಓದದೆ, ಉಂ. "ಕುರಿತು" ಎಂದರೆ ಉದ್ದೇಶಿಸಿ, ಅದರಲ್ಲೇ ಮನಸ್ಸಿಟ್ಟು. ಹೀಗಾಗಿ ಇಲ್ಲಿ ನಿರಾಕರಣೆಯಾಗುತ್ತಿರುವುದು ಬರೀ ಓದಲ್ಲ, ಗುರಿಯಿಟ್ಟು ಮಾಡುವ ಓದು. ಕಾವ್ಯವನ್ನು ಪಟ್ಟುಹಿಡಿದು ಅಭ್ಯಾಸ ಮಾಡದ ಒಬ್ಬನು ಲೆಕ್ಕಪತ್ರ ಓದಬಲ್ಲವನೇ ಆಗಿರಬಹುದು. "ಅಕ್ಷರ ಬಾರದವರು" ಎಂಬ ನನ್ನ ಅರ್ಥ "ಕುರಿತು" ಎಂಬ ಪದವನ್ನು ಪಕ್ಕಕ್ಕೆ ತಳ್ಳಿದರೆ ಮಾತ್ರ ನಿಲ್ಲುತ್ತಿತ್ತು. ನಿಮ್ಮ ಅರ್ಥದಲ್ಲಿ ಸಾಲಿನ ಯಾವ ಪದಕ್ಕೆ ಕೆಲಸವೇ ಇಲ್ಲವೋ ಅಲ್ಲಿ ನಿಂತು ನೋಡಿ. ತಪ್ಪು ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತದೆ. ಕೊನೆಯ "ಉಂ" ಕೂಡ ಮುಖ್ಯ. "ಓದದಿದ್ದರೂ" ಎನ್ನುವವನ ಮನಸ್ಸಿನಲ್ಲಿ ಓದಿಯೇ ಪರಿಣತರಾಗುವುದು ವಾಡಿಕೆ ಎಂಬ ಭಾವನೆ ಇದೆ.

ಆಮೇಲೆ ಹಿಂದಿನ ಮುಂದಿನ ಪದ್ಯಗಳನ್ನು ಓದಿ. ನಾನು ಅಂದು ಓದಿರಲಿಲ್ಲ, ಸಾಲು ನನಗೆ ಭಾಷಣಗಳಿಂದ ಬಾಯಿಪಾಠವಾಗಿತ್ತು. ಮುಂದಿನ ಪದ್ಯವೇ "ಕುರಿತವರಲ್ಲದೆ ಮತ್ತಂ ಪೆರರುಂ" ಎಂದು ಆರಂಭವಾಗುತ್ತದೆ: ಹಾಗೆ ಮನಸ್ಸಿಟ್ಟವರು ಮಾತ್ರವಲ್ಲ, ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರು. ಅದೇ ಕುರಿ ಧಾತು ಅಲ್ಲಿ ಮತ್ತೆ ಬಂದು, ಓದಿಗಿಂತ ಉದ್ದೇಶಕ್ಕೇ ಒತ್ತು ಇದೆಯೆಂದು ತೋರಿಸುತ್ತದೆ. ಆ ಪದ್ಯ ಇನ್ನೂ ಮುಂದೆ ಹೋಗಿ, ಚಿಕ್ಕ ಮಕ್ಕಳೂ ಮೂಗರೂ ವಿವೇಕವನ್ನು ತಿಳಿಸಬಲ್ಲರು ಎನ್ನುತ್ತದೆ. ಮೂಗರನ್ನೂ ಸೇರಿಸಿಕೊಂಡ ಮೇಲೆ ಇದು ನಾಡಿನ ಹೊಗಳಿಕೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಹೊಗಳಿಕೆಯಿಂದ ಹೊಗಳಿದವನ ಅಭಿಮಾನವನ್ನು ತಿಳಿಯಬಹುದು. ಅಂದಿನ ಸಾಕ್ಷರತೆಯ ಪ್ರಮಾಣವನ್ನು ಅದರಿಂದ ತೆಗೆಯಲು ಬರುವುದಿಲ್ಲ, ಹೆಚ್ಚು ಎಂದೂ ಕಡಿಮೆ ಎಂದೂ.

ಇನ್ನು "ಕಾವ್ಯಕ್ಕೆ ಓದು ಬೇಡ" ಎಂಬ ನನ್ನ ಎರಡನೆಯ ಮಾತು. ಅದನ್ನು ಇಡೀ ಗ್ರಂಥದ ಎದುರು ಇಟ್ಟು ನೋಡಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಕವಿರಾಜಮಾರ್ಗ ಅಲಂಕಾರಶಾಸ್ತ್ರದ ಗ್ರಂಥ. ಈ ಸಾಲು ಇರುವ ಮೊದಲ ಪರಿಚ್ಛೇದದ ವಿಷಯವೇ ಕಾವ್ಯದ ದೋಷ ಯಾವುದು, ಯಾವುದಲ್ಲ ಎಂಬುದು. ಓದು ಬೇಡವೆನ್ನುವವನು ಮೂರು ಪರಿಚ್ಛೇದಗಳಲ್ಲಿ ಪಾಠ ಹೇಳುತ್ತಾ ಕೂರುವುದಿಲ್ಲ. ನಿಮ್ಮ ಅರ್ಥ ನಿಜವಾಗಿದ್ದರೆ ಗ್ರಂಥದಲ್ಲಿ ಇನ್ನೇನು ಇರಬೇಕಾಗಿತ್ತು, ಏನು ಇರಬಾರದಾಗಿತ್ತು ಎಂದು ಕೇಳಿಕೊಂಡು, ಅದನ್ನು ಹುಡುಕಲು ಪುಟ ತಿರುವಿ.

ಹಾಗೆಂದು ಹೆದರಿ ಬರೀ ಪದಾರ್ಥ ಬರೆಯಬೇಡಿ. ಜನಸಾಮಾನ್ಯರಲ್ಲಿ ಕಾವ್ಯದ ಸಹಜ ಅರಿವಿತ್ತೆಂದು ಗ್ರಂಥಕಾರ ನಂಬಿದ್ದ, ಅದನ್ನು ಹೆಮ್ಮೆಯಿಂದ ಹೇಳಿದ ಎನ್ನುವುದಕ್ಕೆ ಈ ಪದ್ಯ ಗಟ್ಟಿ ಆಧಾರ ಕೊಡುತ್ತದೆ. ಆ ಅರಿವು ಹಾಡು, ಕಥೆಗಳನ್ನು ಕೇಳಿ ಬಂದಿರಬಹುದು ಎಂಬ ಊಹೆಗೆ ಅದು ಅಡ್ಡಿ ಮಾಡುವುದಿಲ್ಲ, ಆದರೆ ಅದನ್ನು ಹೇಳುವುದೂ ಇಲ್ಲ. ಆದ್ದರಿಂದ ಅಂಥ ಮಾತನ್ನು "ಇರಬಹುದು" ಎಂದೇ ಬರೆಯಿರಿ. ನನ್ನ ಹಳೆಯ ಪ್ರಬಂಧದಲ್ಲಿ ಎಲ್ಲ ವಾಕ್ಯಗಳೂ "ಇದೆ" ಎಂದು ಮುಗಿದಿದ್ದವು.

ಎಷ್ಟು ಪರೀಕ್ಷಿಸಿದರೂ ತೀರ್ಮಾನವಾಗದ ಕಡೆಗಳೂ ಇವೆ. ಈ ಪದ್ಯ ಹೊಗಳುವುದು "ಆ ನಾಡವರ್ಗಳ್" ಎಂದು. ಯಾವ ನಾಡು? ಸ್ವಲ್ಪ ಮೊದಲು ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಬಂದಿದೆ. ಅದಾದ ಮೇಲೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡು "ಕನ್ನಡದ ತಿರುಳ್" ಎಂದು ಬಂದಿದೆ. ಹತ್ತಿರದಲ್ಲಿರುವುದು ಎರಡನೆಯದು, ಹಾಗಾಗಿ ನನ್ನ ಒಲವು ಅತ್ತ. ಆದರೆ ಇಡೀ ನಾಡನ್ನೇ ಹೇಳಿದ್ದಾನೆ ಎಂದು ನೀವು ವಾದಿಸಿದರೆ, "ಆ" ಎಂಬ ಒಂದಕ್ಷರ ನಿಮ್ಮನ್ನು ತಡೆಯುವುದಿಲ್ಲ.