ಗುಂಯ್ ಅಂದು ನಿಂತುಬಿಡುವ ಗಿರಣಿ ಮೋಟರ್

ಪ್ರಶ್ನೆ: ನಮ್ಮ ಹಿಟ್ಟಿನ ಗಿರಣಿಗೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಇದೆ. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. ಹೋದ ವಾರ ತಾನೆ ಸ್ಟಾರ್ಟಿಂಗ್ ಕೆಪಾಸಿಟರ್ ಬದಲಾಯಿಸಿದ್ದೆ. ವೈಂಡಿಂಗ್ ಸುಟ್ಟಿದೆಯಾ?

ಸುಟ್ಟಿರುವ ಸಾಧ್ಯತೆ ಕಡಿಮೆ. ಗುಂಯ್ ಅನ್ನುತ್ತಿದೆ ಅಂದರೆ ಮೇನ್ ವೈಂಡಿಂಗ್‌ಗೆ ಕರೆಂಟ್ ಹೋಗುತ್ತಿದೆ. ಆದರೆ ಇನ್ನೊಮ್ಮೆ ಸ್ವಿಚ್ ಹಾಕಿ ನೋಡೋಣ ಅಂತ ಹಿಡಿದುಕೊಂಡು ಕೂರಬೇಡಿ. ನಿಂತ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗೇ ಬಿಟ್ಟರೆ ಆಗ ನಿಜವಾಗಿಯೂ ವೈಂಡಿಂಗ್ ಸುಡುತ್ತದೆ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಿ ತಾನಾಗಿ ನಿಲ್ಲಬೇಕು. ಬಿಗಿಯಾಗಿದ್ದರೆ ಬೇರಿಂಗ್ ಹಿಡಿದಿದೆ. ಆಮೇಲೆ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದೆ ಅನ್ನಿಸಿದರೆ ಬೇರಿಂಗ್ ಸವೆದಿದೆ. ಇಂಥ ಮೋಟರ್ ಕೈಗೆ ಚೆನ್ನಾಗಿಯೇ ತಿರುಗುತ್ತದೆ. ಕರೆಂಟ್ ಕೊಟ್ಟ ತಕ್ಷಣ ಮಾತ್ರ ರೋಟರ್ ಒಂದು ಪಕ್ಕಕ್ಕೆ ಎಳೆದುಕೊಂಡು ಸ್ಟೇಟರ್‌ಗೆ ಕಚ್ಚಿಕೊಳ್ಳುತ್ತದೆ. ತುಂಬಾ ಜನ ಇದನ್ನು ಕೆಪಾಸಿಟರ್ ದೋಷ ಅಂದುಕೊಳ್ಳುತ್ತಾರೆ.

ರೋಟರ್ ಸರಿ ಇದ್ದರೆ ಮುಂದಿನ ಪರೀಕ್ಷೆ ಮಾಡಿ. ಬೆಲ್ಟ್ ಇಲ್ಲದೆಯೇ ಪುಲ್ಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ, ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ಇನ್ನೂ ತಿರುಗುತ್ತಿರುವಾಗಲೇ ಇನ್ನೊಬ್ಬರು ಸ್ವಿಚ್ ಹಾಕಲಿ. ಹಗ್ಗ ಸುತ್ತಿ ಎಳೆಯುವುದು ಬೇಡ, ಸಿಕ್ಕಿಕೊಂಡರೆ ಕೈ ಹೋಗುತ್ತದೆ. ಮೂರು ಸೆಕೆಂಡಿನಲ್ಲಿ ವೇಗ ಹಿಡಿಯದಿದ್ದರೆ ಆಫ್ ಮಾಡಿಬಿಡಿ. ನೀವು ತಿರುಗಿಸಿದ ಕಡೆಗೇ ಓಡಿತು, ಉಲ್ಟಾ ತಿರುಗಿಸಿದರೆ ಉಲ್ಟಾ ಓಡಿತು ಅಂದರೆ ಮೇನ್ ವೈಂಡಿಂಗ್ ಕೆಲಸ ಮಾಡುತ್ತಿದೆ. ಮೇನ್ ವೈಂಡಿಂಗ್ ಒಂದೇ ಇದ್ದರೆ ಯಾವ ಕಡೆಗೂ ಮೊದಲ ತಳ್ಳು ಸಿಗುವುದಿಲ್ಲ. ಆ ತಳ್ಳು ಕೊಡುವುದು ಸ್ಟಾರ್ಟಿಂಗ್ ವೈಂಡಿಂಗ್, ಅದರ ಸಾಲಿನಲ್ಲಿರುವ ಕೆಪಾಸಿಟರ್ ಮತ್ತು ಸೆಂಟ್ರಿಫ್ಯೂಗಲ್ ಸ್ವಿಚ್. ದೋಷ ಈ ಮೂರರಲ್ಲೇ ಇದೆ.

ಈಗ ಆಫ್ ಮಾಡಿ, ಕಿವಿ ಕೊಟ್ಟು ಕೇಳಿ. ಮೋಟರ್ ನಿಧಾನವಾಗುತ್ತಾ ಬರುವಾಗ ಒಳಗೆ 'ಟಕ್' ಅಂತ ಒಂದು ಸದ್ದು ಬರಬೇಕು. ಅದು ಸೆಂಟ್ರಿಫ್ಯೂಗಲ್ ಸ್ವಿಚ್ ಮತ್ತೆ ಕೂಡಿಕೊಳ್ಳುವ ಸದ್ದು. ಪೂರ್ತಿ ವೇಗದ ಮುಕ್ಕಾಲು ಭಾಗ ಮುಟ್ಟಿದಾಗ ಈ ಸ್ವಿಚ್ ಬಿಟ್ಟುಕೊಳ್ಳಬೇಕು. 1440 ಆರ್‌ಪಿಎಂ ಮೋಟರ್‌ನಲ್ಲಿ ಅದು ಸುಮಾರು 1100ರ ಹತ್ತಿರ. ನಿಂತಾಗ ಕೂಡಿರಬೇಕು. ಟಕ್ ಬರಲಿಲ್ಲ ಅಂದರೆ ಸ್ವಿಚ್ ಎಲ್ಲೋ ಸಿಕ್ಕಿಕೊಂಡಿದೆ.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇದರ ಮೇಲೇ. ನಾನು ಮೋಟರ್ ರಿಪೇರಿ ಮಾಡುವವನು. ರಾಗಿ ಬೀಸುವ ಒಂದು ಗಿರಣಿಯಿಂದ ಹೀಗೇ ಒಂದು ಮೋಟರ್ ಬಂದಿತ್ತು. ಹಾಕಿದ ಹೊಸ ಕೆಪಾಸಿಟರ್ ಕೆಲವೇ ದಿನದಲ್ಲಿ ಉಬ್ಬಿಹೋಗಿತ್ತು. ಹಿಂದಿನ ಕವರ್ ಬಿಚ್ಚಿದರೆ ಶಾಫ್ಟ್ ಮೇಲಿನ ಸ್ವಿಚ್ ಡಿಸ್ಕ್ ಹಿಟ್ಟು, ಗ್ರೀಸ್ ಸೇರಿದ ಕಪ್ಪು ಅಂಟಿನಲ್ಲಿ ಕೂತಿತ್ತು. ಕೈಯಿಂದ ಎಳೆದರೂ ಜರುಗುತ್ತಿರಲಿಲ್ಲ. ಮೋಟರ್ ವೇಗ ಹಿಡಿದರೂ ಸ್ವಿಚ್ ಬಿಡುತ್ತಿರಲಿಲ್ಲ. ಸ್ಟಾರ್ಟಿಂಗ್ ಕೆಪಾಸಿಟರ್ ಕೆಲವು ಸೆಕೆಂಡ್ ಕೆಲಸಕ್ಕೆ ಮಾಡಿದ್ದು. ಬೀಸುವಷ್ಟು ಹೊತ್ತೂ ಲೈನಿನಲ್ಲಿದ್ದರೆ ಕಾದು ಹೋಗದೆ ಇನ್ನೇನಾಗುತ್ತದೆ? ಅಲ್ಲಿ ಡಿಸ್ಕ್ ಒರೆಸಿ, ಪಾಯಿಂಟ್‌ಗಳನ್ನು ಜೀರೋ ನಂಬರ್ ಪೇಪರ್‌ನಿಂದ ಹದವಾಗಿ ಉಜ್ಜಿದೆ. ಎಳೆದು ಬಿಟ್ಟಾಗ ಸ್ಪ್ರಿಂಗ್ ಡಿಸ್ಕನ್ನು ತಟ್ಟನೆ ವಾಪಸ್ ತಂದಿತು. ಆಮೇಲೆ ಹಾಕಿದ ಕೆಪಾಸಿಟರ್‌ಗೆ ಏನೂ ಆಗಲಿಲ್ಲ. ಪಾಯಿಂಟ್ ಮೇಲೆ ಎಣ್ಣೆ ಮಾತ್ರ ಬಿಡಬೇಡಿ. ಪಾಯಿಂಟ್ ಗುಳಿ ಬಿದ್ದು ಸುಟ್ಟಿದ್ದರೆ ಉಜ್ಜುವುದು ದಂಡ, ಸ್ವಿಚ್ಚನ್ನೇ ಬದಲಾಯಿಸಿ.

ಇದರ ವಿರುದ್ಧವೂ ಆಗುತ್ತದೆ. ಪಾಯಿಂಟ್ ಕೂಡದೆ ನಿಂತಿದ್ದರೆ ಕೆಪಾಸಿಟರ್ ಹೊಸದಾಗಿದ್ದರೂ ಬರೀ ಗುಂಯ್. ಮೋಟರ್ ನಿಂತಿರುವಾಗ ಸ್ವಿಚ್ಚಿನ ಒಂದು ವೈರ್ ಬಿಚ್ಚಿ, ಎರಡು ತುದಿಗೆ ಮೀಟರ್ ಇಡಿ. ಸೊನ್ನೆಯ ಹತ್ತಿರ ಓಮ್ ಬರಬೇಕು.

ಕೆಪಾಸಿಟರ್ ಮುಟ್ಟುವ ಮುಂಚೆ ಅದರ ಎರಡು ತುದಿಗೆ ಹಳೇ 100 ವ್ಯಾಟ್ ಬಲ್ಬ್ ಹೋಲ್ಡರ್‌ನ ವೈರ್ ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡಿ. ಆಮೇಲೆ ಒಂದು ವೈರ್ ಬಿಚ್ಚಿ, ಮೀಟರ್‌ನಲ್ಲಿ ಮೈಕ್ರೋಫ್ಯಾರಡ್ ನೋಡಿ. 100-120 ಅಂತ ಬರೆದಿರುವುದು 60 ತೋರಿಸಿದರೆ ಎಸೆಯಿರಿ. ಹೊಸದಕ್ಕೆ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಕ್ಕದಲ್ಲಿ ಇನ್ನೊಂದು ರನ್ನಿಂಗ್ ಕೆಪಾಸಿಟರ್ ಇದ್ದರೆ ಅದನ್ನೂ ಅಳೆಯಿರಿ, ಎರಡನ್ನೂ ಅದಲು ಬದಲು ಮಾಡಬೇಡಿ. ಕೆಪಾಸಿಟರ್, ಸ್ವಿಚ್ ಎರಡೂ ಸರಿ ಇದ್ದು ಸ್ಟಾರ್ಟಿಂಗ್ ವೈಂಡಿಂಗ್‌ನಲ್ಲಿ ಮೀಟರ್ ಏನೂ ತೋರಿಸದಿದ್ದರೆ ಮಾತ್ರ ರಿವೈಂಡಿಂಗ್ ಮಾತು.

ಜೋಡಿಸಿದ ಮೇಲೆ ಬೆಲ್ಟ್ ಇಲ್ಲದೆ ಓಡಿಸಿ. ಚೆನ್ನಾಗಿ ಎದ್ದು, ಬೆಲ್ಟ್ ಹಾಕಿದಾಗ ಮಾತ್ರ ಗುಂಯ್ ಅಂದರೆ ಗಿರಣಿಯೊಳಗೆ ಕಾಳು ಉಳಿದು ಕಲ್ಲು ಹಿಡಿದಿದೆಯಾ, ಬೆಲ್ಟ್ ಜಾಸ್ತಿ ಬಿಗಿಯಾಯಿತಾ ನೋಡಿ. ಸ್ವಿಚ್ ಹಾಕಿದ ಕ್ಷಣದಲ್ಲೇ ಮೋಟರ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ಕೂಡ ಅಳೆಯಿರಿ. 230 ಇರಬೇಕಾದದ್ದು 170ಕ್ಕೆ ಇಳಿದರೆ ಎಬ್ಬಿಸುವ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ. ಆಗ ಬದಲಾಯಿಸಬೇಕಾದದ್ದು ಮೋಟರ್ ಅಲ್ಲ, ಕಂಬದಿಂದ ಗಿರಣಿಗೆ ಎಳೆದ ಸಣ್ಣ ವೈರ್ ಇರಬಹುದು.