ಬೋರ್ಡ್ ತೋರಿಸಿ ಮಾತಾಡುವ ವಿದ್ಯಾರ್ಥಿನಿಗೆ ಶಿಫಾರಸು ಪತ್ರ

ಪ್ರಶ್ನೆ: ನಮ್ಮ ಪಿಯುಸಿ ಹುಡುಗಿಗೆ ಮಾತು ಬರಲ್ಲ, ಅಕ್ಷರದ ಬೋರ್ಡ್ ತೋರಿಸಿ ಮಾತಾಡ್ತಾಳೆ. ಬಿಎ ಸೀಟಿಗೆ ಶಿಫಾರಸು ಪತ್ರ ಕೇಳಿದ್ದಾಳೆ. ಬೋರ್ಡ್ ವಿಷಯ ಬರೀಬೇಕಾ?

ಉತ್ತರ: ಅವಳು ಒಪ್ಪಿದರೆ ಬರೆಯಿರಿ. ಆದರೆ ಮೊದಲ ಪ್ಯಾರಾ ಅವಳ ಓದಿನ ಬಗ್ಗೆಯೇ ಇರಲಿ. "ಎಲ್ಲವನ್ನೂ ಮೆಟ್ಟಿ ನಿಂತ ಛಲಗಾತಿ" ಅಂತೆಲ್ಲ ಬೇಡ. ಅದರಿಂದ ಸೀಟು ಕೊಡುವವರಿಗೆ ಏನೂ ತಿಳಿಯಲ್ಲ.

ಓದುವವರಿಗೆ ಬರುವ ದೊಡ್ಡ ಅನುಮಾನ ಬೇರೆ: ಉತ್ತರ ಅವಳದ್ದಾ, ಪಕ್ಕದಲ್ಲಿ ಕೂತವರದ್ದಾ? ನೀವು ಕಣ್ಣಾರೆ ಕಂಡದ್ದನ್ನೇ ಬರೆದು ಅದನ್ನು ತೀರಿಸಿ. ಉದಾಹರಣೆಗೆ:

"ಬೋರ್ಡ್ ಗಾಲಿಕುರ್ಚಿಯ ತಟ್ಟೆಯ ಮೇಲಿರುತ್ತದೆ. ಅಕ್ಷರಗಳನ್ನು ತಾನೇ ಬೆರಳಿಟ್ಟು ತೋರಿಸುತ್ತಾಳೆ, ಯಾರೂ ಕೈ ಹಿಡಿಯುವುದಿಲ್ಲ. ಸಹಾಯಕಿ ಗಟ್ಟಿಯಾಗಿ ಓದುತ್ತಾರೆ, ಅಷ್ಟೆ. ಅವರು ಪದವನ್ನು ತಪ್ಪಾಗಿ ಊಹಿಸಿದರೆ 'ಅಲ್ಲ' ಎಂಬ ಚೌಕ ಮುಟ್ಟಿ ಮತ್ತೆ ಶುರು ಮಾಡುತ್ತಾಳೆ. ಸಹಾಯಕಿ ಓದಿರದ ಪಾಠದ ಪ್ರಶ್ನೆಗಳಿಗೂ ಹೀಗೇ ಉತ್ತರಿಸಿದ್ದಾಳೆ."

ಇದರಲ್ಲಿ ನಿಮ್ಮ ಹುಡುಗಿಗೆ ನಿಜವಾದದ್ದನ್ನಷ್ಟೇ ಇಟ್ಟುಕೊಳ್ಳಿ. ಬೇರೆಯವರು ಅವಳ ಕೈ ಅಥವಾ ಮೊಣಕೈ ಹಿಡಿದು ತೋರಿಸುತ್ತಿದ್ದರೆ ಈ ಭರವಸೆ ಕೊಡಬೇಡಿ. ಅಂಥ ವಿಧಾನದಲ್ಲಿ ಹಿಡಿದವರ ಉತ್ತರವೇ ಹೊರಬರುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ.

ಕೊನೆಗೆ ವೇಗದ ವಿಷಯ. ಒಂದು ವಾಕ್ಯಕ್ಕೆ ಒಂದೆರಡು ನಿಮಿಷ ಬೇಕಾದರೆ ಹಾಗೇ ಹೇಳಿ, ಸಂದರ್ಶನದ ಪ್ರಶ್ನೆಗಳನ್ನು ಮುಂಚೆಯೇ ಕೊಡಲು ಕೇಳಿ. ಕಾಯಿಲೆಯ ಹೆಸರು, ಅಂಗವೈಕಲ್ಯದ ಶೇಕಡಾವಾರು ಪತ್ರದಲ್ಲಿ ಬೇಡ. ಮೀಸಲಾತಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇರೆಯೇ ಕೊಡಬೇಕಲ್ವಾ. ಕಳಿಸುವ ಮುಂಚೆ ಅವಳಿಗೆ ಓದಲು ಕೊಡಿ.