ಮೆಟರ್ನಿಟಿ ಬಟ್ಟೆ: ಹಳೇ ಸೈಜೋ, ಹೊಟ್ಟೆಯ ಅಳತೆಯೋ?

ಪ್ರಶ್ನೆ: ಈಗ 14 ವಾರ. ಮೊದಲು ಎಂ ಸೈಜ್ ಹಾಕ್ತಿದ್ದೆ, ಆಗ ಎದೆ 90, ಹಿಪ್ 97 ಸೆಂ.ಮೀ. ಈಗ ಎದೆ 94, ಹಿಪ್ 98, ಹೊಟ್ಟೆ 84. ಪ್ಯಾಂಟ್, ಟಾಪ್ ಹಳೇ ಸೈಜಿನಲ್ಲೇ ತಗೊಳ್ಳಲಾ, ಹೊಟ್ಟೆ ಬೆಳೆಯುತ್ತೆ ಅಂತ ಈಗಲೇ ದೊಡ್ಡದು ತಗೊಳ್ಳಲಾ?

ಉತ್ತರ: ಪ್ಯಾಂಟ್ ಹಳೇ ಸೈಜಿನಲ್ಲೇ ತಗೊಳ್ಳಿ. ಟಾಪ್ ಯಾವ ಸೈಜಿನದು ಅನ್ನೋದನ್ನು ಬಟ್ಟೆ ಹಿಗ್ಗುತ್ತದೋ ಇಲ್ಲವೋ ನೋಡಿ ತೀರ್ಮಾನಿಸಬೇಕು.

ಮೆಟರ್ನಿಟಿ ಬಟ್ಟೆ ಕತ್ತರಿಸುವಾಗಲೇ ಹೊಟ್ಟೆಗೆ ಜಾಗ ಬಿಟ್ಟಿರುತ್ತಾರೆ. ಟಾಪಿನ ಮುಂಭಾಗ ಹಿಂಭಾಗಕ್ಕಿಂತ ಉದ್ದ ಇರುತ್ತದೆ, ಪಕ್ಕದ ಹೊಲಿಗೆಯಲ್ಲಿ ನೆರಿಗೆ ಹಿಡಿದಿರುತ್ತಾರೆ. ಭುಜ, ಕುತ್ತಿಗೆ, ತೋಳು, ತೊಡೆ ಮಾತ್ರ ಮಾಮೂಲಿ ಎಂ ಅಳತೆಯಲ್ಲೇ ಇರುತ್ತವೆ. ಹೊಟ್ಟೆಗೆಂದು ಎರಡು ಸೈಜ್ ಮೇಲೆ ಹೋದರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ. ಸಾಮಾನ್ಯ ಟಾಪನ್ನೇ ದೊಡ್ಡ ಸೈಜಿನಲ್ಲಿ ತಗೊಂಡರೆ ಇನ್ನೊಂದು ತೊಂದರೆಯಿದೆ. ಅದು ಅಗಲ ಆಗಿರುತ್ತದೆಯೇ ಹೊರತು ಮುಂದೆ ಉದ್ದ ಹೆಚ್ಚಿರುವುದಿಲ್ಲ. ಹಾಗಾಗಿ ಏಳನೇ ತಿಂಗಳಿಗೆ ಅಂಚು ಮುಂದೆ ಮೇಲೇರಿ ಹಿಂದೆ ಇಳಿಬೀಳುತ್ತದೆ.

ನಿಮ್ಮ ಅಳತೆಗೇ ಬರೋಣ. ಚಾರ್ಟಿನಲ್ಲಿ ಎಂ ಅಂದರೆ ಎದೆ 88–92, ಹಿಪ್ 96–100, ಎಲ್ ಅಂದರೆ 93–97 ಮತ್ತು 101–105 ಎಂದಿದೆ ಅಂದುಕೊಳ್ಳಿ. ನಿಮ್ಮ ಹಿಪ್ 98, ಆದ್ದರಿಂದ ಪ್ಯಾಂಟ್ ಎಂ. ಹಿಪ್ 100 ದಾಟಿ, ಕೂತಾಗ ತೊಡೆ ಬಿಗಿಯಾಗತೊಡಗಿದರೆ ಮಾತ್ರ ಎಲ್. ಎದೆ 94 ಆಗಿರುವುದರಿಂದ ಹಿಗ್ಗುವ ಹೆಣಿಗೆ ಬಟ್ಟೆಯ ಟಾಪ್ ಎಂ ಸಾಕು, 2 ಸೆಂ.ಮೀ. ವ್ಯತ್ಯಾಸವನ್ನು ಬಟ್ಟೆಯೇ ತಾಳಿಕೊಳ್ಳುತ್ತದೆ. ಹಿಗ್ಗದ ನೇಯ್ಗೆ ಬಟ್ಟೆ, ಮುಂದೆ ಗುಂಡಿ ಇರುವಂಥದ್ದಾದರೆ ಎಲ್ ತಗೊಳ್ಳಿ, ಇಲ್ಲದಿದ್ದರೆ ಮೊದಲು ಬಾಯಿ ಬಿಡುವುದು ಎದೆಯ ಗುಂಡಿಗಳೇ. ಚಾರ್ಟ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಅಕ್ಷರ ನಂಬಬೇಡಿ, ಸೆಂಟಿಮೀಟರ್ ನೋಡಿ. ಚಾರ್ಟ್ ಕೇಳುತ್ತಿರುವುದು ಗರ್ಭ ಧರಿಸುವ ಮುಂಚಿನ ಅಳತೆಯೋ ಈಗಿನದೋ ಎಂಬುದನ್ನೂ ಓದಿ. ಬಹುತೇಕ ಚಾರ್ಟ್‌ಗಳು ಮುಂಚಿನದನ್ನೇ ಕೇಳುತ್ತವೆ.

ಹಾಗಾದರೆ ಹೊಟ್ಟೆಯ ಅಳತೆ ಯಾತಕ್ಕೆ? ಹೊಟ್ಟೆ ಮುಚ್ಚುವ ಪ್ಯಾನೆಲ್ ಇರುವ ಪ್ಯಾಂಟ್, ಲೆಗ್ಗಿಂಗ್ಸ್ ಪರೀಕ್ಷಿಸಲು. ನಿಂತುಕೊಂಡು, ಉಸಿರು ಬಿಗಿಹಿಡಿಯದೆ, ಹೊಕ್ಕುಳ ಹತ್ತಿರ ಹೊಟ್ಟೆ ಅತಿ ಮುಂದೆ ಬಂದಿರುವಲ್ಲಿ ಟೇಪು ನೆಲಕ್ಕೆ ಸಮಾನಾಂತರವಾಗಿ ಸುತ್ತಿ. ಪ್ಯಾನೆಲಿನ ಮೇಲಂಚನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ ಅಳೆಯಿರಿ, ಆಮೇಲೆ ಬಲವಂತವಿಲ್ಲದೆ ಎಳೆದು ಇನ್ನೊಮ್ಮೆ ಅಳೆಯಿರಿ. ಹೀಗೆ ಸಿಗುವುದು ಅರ್ಧ ಸುತ್ತಳತೆ, ಎರಡರಿಂದ ಗುಣಿಸಿ: ಹಾಸಿದಾಗ 36, ಎಳೆದಾಗ 54 ಬಂದರೆ ಅದು 72ರಿಂದ 108ರವರೆಗಿನ ಹೊಟ್ಟೆಗೆ ಆಗುತ್ತದೆ. ನಿಮ್ಮ ಈಗಿನ 84ಕ್ಕೆ ಆರಾಮ, ಮುಂದೆ 100 ಆದರೂ ಕೊನೆಯ ಹಿಗ್ಗಿಗೆ ಹೋಗುವುದಿಲ್ಲ. ಕೈ ಬಿಟ್ಟ ಮೇಲೆ ಪ್ಯಾನೆಲ್ ಮತ್ತೆ 36ಕ್ಕೆ ಬರದೆ 39–40ರಲ್ಲೇ ನಿಂತರೆ ಬಿಟ್ಟುಬಿಡಿ, ಅದು ಕೆಲವೇ ಒಗೆತದಲ್ಲಿ ಸಡಿಲಾಗುತ್ತದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವುದೊಂದಿದೆ. ನಡೆಯುವಾಗ ಪ್ಯಾಂಟ್ ಕೆಳಗೆ ಜಾರಿದರೆ ಸೈಜ್ ಸಣ್ಣದಾಯಿತೆಂದು ಇನ್ನೂ ದೊಡ್ಡದು ತರುತ್ತಾರೆ. ಸಾಮಾನ್ಯವಾಗಿ ಕಾರಣ ಉಲ್ಟಾ, ಹಿಪ್ ಸಡಿಲವಾಗಿರುವುದರಿಂದ ಪ್ಯಾಂಟಿಗೆ ಹಿಡಿತವೇ ಸಿಗದೆ ಪ್ಯಾನೆಲನ್ನೂ ಎಳೆದುಕೊಂಡು ಇಳಿಯುತ್ತದೆ. ಸೈಜ್ ನಿಜವಾಗಿ ಸಣ್ಣದಾದರೆ ಮೇಲಂಚು ಸುರುಳಿಯಾಗಿ ಮಡಚಿಕೊಳ್ಳುತ್ತದೆ, ಬಿಚ್ಚಿದ ಮೇಲೂ ಚರ್ಮದ ಮೇಲೆ ಕೆಂಪು ಗೀರು ಉಳಿಯುತ್ತದೆ.

14 ವಾರಕ್ಕೆ ಗರ್ಭಕೋಶ ಈಗಷ್ಟೇ ಸೊಂಟದ ಮೂಳೆಗಳ ನಡುವಿನಿಂದ ಮೇಲೆ ಬಂದಿರುತ್ತದೆ, ಹೊಕ್ಕುಳ ಮಟ್ಟ ಮುಟ್ಟುವುದು 20ನೇ ವಾರದ ಸುಮಾರಿಗೆ. ಅಲ್ಲಿಯವರೆಗೆ ಹೊಟ್ಟೆಯ ಕೆಳಗೆ ಕೂರುವ ಎಲಾಸ್ಟಿಕ್ ಪಟ್ಟಿಯ ಪ್ಯಾಂಟ್ ಸಾಕು, ಪೂರ್ತಿ ಪ್ಯಾನೆಲ್ ಈಗ ನೆರಿಗೆ ಬಿದ್ದು ತುರಿಸುತ್ತದೆ. ಒಂದೇ ಸಲ ಎಲ್ಲಾ ಕೊಳ್ಳದೆ 20ರ ನಂತರ ಇನ್ನೊಮ್ಮೆ ಅಳೆದು ಪ್ಯಾನೆಲಿನದು ತಗೊಳ್ಳಿ. ಹಿಗ್ಗದ ಡ್ರೆಸ್ ಈಗಲೇ ಬೇಕಿದ್ದರೆ ಚಿಕ್ಕ ದಿಂಬೊಂದನ್ನು ಹೊಟ್ಟೆಗೆ ಕಟ್ಟಿ, ಕೂತು ಎದ್ದು ನೋಡಿ. ಅವಳಿ ಮಕ್ಕಳಾದರೆ ಹೊಟ್ಟೆ ಬೇಗ ದೊಡ್ಡದಾಗುತ್ತದೆ, ಪೂರ್ತಿ ಪ್ಯಾನೆಲ್ ಮುಂಚೆಯೇ ಬೇಕಾಗುತ್ತದೆ.

ಬ್ರಾ ಮಾತ್ರ ಈ ನಿಯಮಕ್ಕೆ ಒಳಪಡುವುದಿಲ್ಲ, ಹಳೇ ಸೈಜ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಪ್ ಮೊದಲ ತಿಂಗಳುಗಳಲ್ಲೇ ಬದಲಾಗುತ್ತದೆ, ಹೊಟ್ಟೆ ಬೆಳೆದಂತೆ ಪಕ್ಕೆಲುಬುಗಳೂ ಅಗಲವಾಗುತ್ತವೆ. ಈಗ ಕೊಳ್ಳುವುದಾದರೆ ಅತಿ ಬಿಗಿಯಾದ ಹುಕ್ಕಿಗೆ ಸರಿಹೋಗುವುದನ್ನು ಆರಿಸಿ, ಆಗ ಮುಂದೆ ಸಡಿಲಿಸಲು ಹುಕ್ಕುಗಳು ಉಳಿದಿರುತ್ತವೆ. ಒಂಬತ್ತನೇ ತಿಂಗಳಲ್ಲಿ ಕೊಳ್ಳುವ ಹಾಲೂಡಿಸುವ ಬ್ರಾ ಅತಿ ಸಡಿಲ ಹುಕ್ಕಿಗೆ ಸರಿಯಾಗಿರಲಿ, ಹೆರಿಗೆಯ ನಂತರ ಪಕ್ಕೆ ಮತ್ತೆ ಕುಗ್ಗಿದಾಗ ಬಿಗಿಮಾಡಿಕೊಳ್ಳಬಹುದು.